ಒಂದು ನಿಮಿಷದ ಲೆಕ್ಕ

ಮದುವೆ ವಿಡಿಯೊ ಒಯ್ಯಲು ಬಂದ ಹುಡುಗ ಬಾಗಿಲಲ್ಲೇ ನಿಂತು, "ಅಣ್ಣಾರ, ಎಷ್ಟೊತ್ತಿಗೆ ಬರ್ಲಿ?" ಎಂದು ಕೇಳಿದ.

ನಾನು ಎಡಿಟ್ ಮಾಡಿದ ವಿಡಿಯೊ ಒಟ್ಟು 96 ನಿಮಿಷದ್ದು. ಎಕ್ಸ್‌ಪೋರ್ಟ್, ಅಂದರೆ ಅದನ್ನು ಕೊಡಬಹುದಾದ ಫೈಲಾಗಿ ಹೊರತೆಗೆಯುವ ಕೆಲಸ, ಇನ್ನೂ ಬಾಕಿ ಇತ್ತು. ಮೊದಲ ಒಂದು ನಿಮಿಷವನ್ನಷ್ಟೇ ಎಕ್ಸ್‌ಪೋರ್ಟ್ ಮಾಡಿ ನೋಡಿದಾಗ 40 ಸೆಕೆಂಡು ಹಿಡಿಯಿತು. 96ರಿಂದ ಗುಣಿಸಿದರೆ 64 ನಿಮಿಷವಾಗುತ್ತದೆ. ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ರಾತ್ರಿಯ ಮೆರವಣಿಗೆ ನೆನಪಾಯಿತು.

ಆರಂಭದ ಆ ನಿಮಿಷದಲ್ಲಿ ಹಗಲಿನ ಬೆಳಕಿನ ಸಾದಾ ದೃಶ್ಯಗಳಷ್ಟೇ ಇದ್ದವು. ಕೊನೆಯ 26 ನಿಮಿಷಗಳ ಮೆರವಣಿಗೆಗೆ ಮಾತ್ರ, ಕತ್ತಲಲ್ಲಿ ಚಿತ್ರದ ಮೇಲೆ ಮೂಡಿದ ಕಾಳುಕಾಳನ್ನು ಅಳಿಸುವ ನಾಯ್ಸ್ ರಿಡಕ್ಷನ್ ಹಾಕಿದ್ದೆ. ಆ ಭಾಗದಿಂದಲೂ ಒಂದು ನಿಮಿಷ ತೆಗೆದು ಅಳೆದರೆ, ಪೂರಾ 3 ನಿಮಿಷ ಬೇಕಾಯಿತು.

ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಗುಣಿಸಿದೆ. ಸಾದಾ ಭಾಗದ 70 ನಿಮಿಷಕ್ಕೆ ಸುಮಾರು 47, ಮೆರವಣಿಗೆಗೆ 78, ಒಟ್ಟು 125 ನಿಮಿಷ. ಮೊದಲಿನ ಲೆಕ್ಕಕ್ಕೆ ಹೆಚ್ಚುಕಡಿಮೆ ಎರಡರಷ್ಟು! ಪರೀಕ್ಷೆಗೆ 10 ಸೆಕೆಂಡಿನ ತುಣುಕನ್ನು ನಾನು ಆರಿಸುವುದಿಲ್ಲ, ಏಕೆಂದರೆ ಎಕ್ಸ್‌ಪೋರ್ಟ್ ಶುರುವಾಗಲು ತಗಲುವ ಕೆಲವು ಸೆಕೆಂಡುಗಳೂ ಅದರಲ್ಲಿ ಸೇರಿ ಗುಣಿತವಾಗಿಬಿಡುತ್ತವೆ.

ಹುಡುಗನಿಗೆ ಎರಡೂವರೆ ತಾಸು ಎಂದೆ. ರಾಯಚೂರಿನ ಈ ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಕಾದ ಮೇಲೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಒಂದು ನಿಮಿಷದ ಪರೀಕ್ಷೆಯಲ್ಲಿ ಅದು ಕಾಣುವುದೇ ಇಲ್ಲ. ಕೊನೆಗೆ 140 ನಿಮಿಷಕ್ಕೆ ಮುಗಿಯಿತು. ಹುಡುಗ ಇನ್ನೂ ಬಂದಿಲ್ಲ.