ಅಕೌಂಟ್ಸ್‌ನವರಿಗೆ ಅವಾರ್ಡ್ ಕೇಳುವಾಗ ಏನು ಬರೆಯಬೇಕು?

"ನಮ್ಮ ಅಕೌಂಟ್ಸ್‌ನ ಒಬ್ಬರನ್ನು ಕಂಪನಿ ಅವಾರ್ಡ್‌ಗೆ ನಾಮಿನೇಟ್ ಮಾಡ್ಬೇಕು. ಅವರದ್ದು ಸೇಲ್ಸ್ ಅಲ್ಲ, ತೋರಿಸೋಕೆ ನಂಬರ್ ಇಲ್ಲ. 'ತುಂಬಾ ಕಷ್ಟಪಟ್ಟು ಕೆಲಸ ಮಾಡ್ತಾರೆ' ಅಂತ ಬರೆದ್ರೆ ಸಾಕಾಗಲ್ವಾ?"

ಸಾಕಾಗಲ್ಲ. ಬರುವ ಅರ್ಜಿಗಳಲ್ಲೆಲ್ಲ ಆ ಸಾಲು ಇರುತ್ತದೆ. ಅದನ್ನು ಓದಿ ಕಮಿಟಿಯವರು ಯಾರನ್ನೂ ಆರಿಸಲಾರರು, ಯಾರನ್ನೂ ಬಿಡಲಾರರು. ಇನ್ನು ನಂಬರ್ ಇಲ್ಲ ಅನ್ನುವುದು ಅಷ್ಟು ನಿಜವಲ್ಲ. ಇಂಥ ಕೆಲಸದಲ್ಲಿ ಹುಡುಕಬೇಕಾದದ್ದು ಗಳಿಕೆಯನ್ನಲ್ಲ, ಕಾಯುವಿಕೆಯನ್ನು. ಮೊದಲು ಯಾರು, ಎಲ್ಲಿ, ಎಷ್ಟು ದಿನ ಕಾಯುತ್ತಿದ್ದರು? ಈಗ ಎಷ್ಟು ದಿನ?

ಪೀಣ್ಯದ ಕಡೆಯ ಒಂದು ಫ್ಯಾಕ್ಟರಿ ಅಂದುಕೊಳ್ಳಿ. ಸುತ್ತಲಿನ ಸಣ್ಣ ವರ್ಕ್‌ಶಾಪ್‌ಗಳಿಂದ ಬಿಡಿಭಾಗ ಬರುತ್ತದೆ. ಬಿಲ್ ಪಾಸಾಗಬೇಕಾದರೆ ಮೂರು ಕಾಗದ ಹೊಂದಬೇಕು: ಪರ್ಚೇಸ್ ಆರ್ಡರ್, ಸರಕು ಬಂತು ಅಂತ ಸ್ಟೋರ್ಸ್‌ನವರು ಬರೆಯುವ ಜಿಆರ್‌ಎನ್, ಮತ್ತು ಬಿಲ್. ಬಿಲ್ಲುಗಳು ನಿಲ್ಲುತ್ತಿದ್ದದ್ದು ಜಿಆರ್‌ಎನ್ ಹತ್ತಿರ. ನಿಮ್ಮ ಸಹೋದ್ಯೋಗಿ ಅದನ್ನು ಕಂಡುಕೊಂಡು, ಗೇಟಿನಲ್ಲೇ ಆರ್ಡರ್ ನಂಬರ್ ಬರೆಸುವ ಪದ್ಧತಿ ತಂದರು. ನಂಬರ್ ಹುಡುಕುವ ತಾಪತ್ರಯ ಹೋಗಿ ಜಿಆರ್‌ಎನ್ ಅದೇ ದಿನ ಆಗತೊಡಗಿತು.

ಇದನ್ನು "ಪ್ರಕ್ರಿಯೆ ಸುಧಾರಿಸಿದರು" ಅಂತ ಬರೆದರೆ ಕೆಲಸವೆಲ್ಲ ಮುಚ್ಚಿಹೋಗುತ್ತದೆ. ಹೀಗೆ ಬರೆಯಿರಿ (ಅಂಕಿ ಉದಾಹರಣೆಗೆ ನಾನು ಹಾಕಿದ್ದು):

"ಏಪ್ರಿಲ್‌ನಿಂದ ಜೂನ್‌ವರೆಗೆ ಸಣ್ಣ ಉದ್ದಿಮೆಗಳ 120 ಬಿಲ್ಲುಗಳಲ್ಲಿ 38ಕ್ಕೆ 45 ದಿನ ದಾಟಿ ಹಣ ಹೋಯಿತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 130ರಲ್ಲಿ 9 ಮಾತ್ರ. ದಿನ ಎಣಿಸಿದ್ದು ಸರಕು ಗೇಟಿಗೆ ಬಂದ ತಾರೀಖಿನಿಂದ."

ಆ 45 ಸುಮ್ನೆ ಆರಿಸಿದ್ದಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದ ಇದ್ದರೂ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಸರಕು ಒಪ್ಪಿಕೊಂಡ ದಿನದಿಂದ 45 ದಿನದೊಳಗೆ ಹಣ ಕೊಡಲೇಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅಕೌಂಟ್ಸ್ ಗೊತ್ತಿಲ್ಲದ ಪ್ರೊಡಕ್ಷನ್ ಮ್ಯಾನೇಜರ್ ಕೂಡ ಕಮಿಟಿಯಲ್ಲಿ ಇರುತ್ತಾರೆ. ಅವರಿಗಾಗಿ ಇದನ್ನು ಒಂದು ಸಾಲಿನಲ್ಲಿ ಹೇಳಿಬಿಡಿ.

ಎಡವುವುದು ಜಾಸ್ತಿ ದಿನ ಎಣಿಸುವ ಜಾಗದಲ್ಲಿ. ಸಾಫ್ಟ್‌ವೇರ್ ರಿಪೋರ್ಟ್ ತೆಗೆದರೆ ಅದು ಬಿಲ್ ಎಂಟ್ರಿ ಆದ ದಿನದಿಂದ ಎಣಿಸಿರಬಹುದು. ನಮ್ಮ ಕಥೆಯಲ್ಲಿ ತಡವಾಗುತ್ತಿದ್ದದ್ದು ಎಂಟ್ರಿಗೆ ಮೊದಲು. ಹಾಗಾಗಿ ಆ ರಿಪೋರ್ಟಿನಲ್ಲಿ ಮೊದಲೂ ಎಲ್ಲ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ. ಅವರು ಮಾಡಿದ್ದೇ ಕಾಣುವುದಿಲ್ಲ. ಗೇಟ್ ರಿಜಿಸ್ಟರ್ ತೆಗೆದು ತಾರೀಖು ಹೊಂದಿಸಿ ನೋಡಬೇಕು. ಬೇಜಾರಿನ ಕೆಲಸ, ಒಂದು ಮಧ್ಯಾಹ್ನ ಹೋಗುತ್ತದೆ. ಆದರೆ ಕಾನೂನು ನೋಡುವುದೂ ಹೆಚ್ಚುಕಡಿಮೆ ಆ ತಾರೀಖನ್ನೇ: ಸರಕು ತಲುಪಿ 15 ದಿನದೊಳಗೆ ಲಿಖಿತ ತಕರಾರು ಹೇಳದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ.

ಆಮೇಲೆ ಕಮಿಟಿಯಲ್ಲಿ ಒಬ್ಬರಾದರೂ ಕೇಳುತ್ತಾರೆ, "ಆಗಸ್ಟ್‌ನಲ್ಲಿ ಹೊಸ ಸಾಫ್ಟ್‌ವೇರ್ ಬಂತಲ್ಲ, ಅದರಿಂದ ಆಗಿದ್ದಲ್ವಾ?" ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಅರ್ಜಿಯಲ್ಲೇ ಇರಲಿ. ಗೇಟ್ ಪದ್ಧತಿ ಇನ್ನೂ ಹೋಗದ ಎರಡನೇ ಸ್ಟೋರ್ಸ್ ಇದ್ದರೆ ಅದನ್ನೂ ನೋಡಿ. ಸಾಫ್ಟ್‌ವೇರ್ ಅಲ್ಲಿಗೂ ಬಂದಿದೆ. ಅಲ್ಲಿ 100 ಬಿಲ್ಲಿಗೆ 33 ತಡ ಇದ್ದದ್ದು 28ಕ್ಕೆ ಇಳಿದಿದೆ ಅನ್ನಿ. ಆಗ ಸಾಫ್ಟ್‌ವೇರಿನ ಪಾಲು ಸ್ವಲ್ಪವೇ, ಉಳಿದದ್ದರಲ್ಲಿ ಹೆಚ್ಚಿನದು ಇವರ ಪದ್ಧತಿಯಿಂದ ಅಂತ ಹೇಳಬಹುದು. ಆ ಸ್ವಲ್ಪವನ್ನು ಒಪ್ಪಿಕೊಂಡು ಬರೆಯಿರಿ. ಪೂರ್ತಿ ಒಬ್ಬರಿಂದಲೇ ಆಯಿತು ಅನ್ನುವ ಅರ್ಜಿಯನ್ನು ನಾನಂತೂ ಅನುಮಾನದಿಂದಲೇ ಓದುತ್ತೇನೆ.

ಎರಡನೇ ಸ್ಟೋರ್ಸ್ ಇಲ್ಲದಿದ್ದರೆ ತಿಂಗಳುವಾರು ಅಂಕಿ ಹಾಕಿ. ಪದ್ಧತಿ ಶುರುವಾದ ತಿಂಗಳಲ್ಲೇ ಇಳಿತ ಕಂಡರೆ ಅದಕ್ಕೊಂದು ತೂಕವಿದೆ. ಎರಡೂ ಒಂದೇ ತಿಂಗಳಲ್ಲಿ ಬಂದಿದ್ದರೆ ಬಿಡಿಸಿ ಹೇಳಲು ಆಗುವುದಿಲ್ಲ, ಹಾಗಂತಲೇ ಬರೆಯಿರಿ.

ಉಳಿತಾಯವನ್ನು ರೂಪಾಯಿಗೆ ತಿರುಗಿಸುವ ಆಸೆ ಬರುತ್ತದೆ. ಕಂಪನಿ ಮೊದಲು ತಡದ ಬಡ್ಡಿ ನಿಜವಾಗಿ ಕಟ್ಟುತ್ತಿದ್ದರೆ ಮಾತ್ರ ಹಾಕಿ. ಕಟ್ಟದೇ ಇದ್ದ ಬಡ್ಡಿಯನ್ನು ಉಳಿತಾಯ ಅಂದರೆ ಫೈನಾನ್ಸ್‌ನವರು ಅಲ್ಲೇ ಹಿಡಿಯುತ್ತಾರೆ.

ಕಳಿಸುವ ಮುಂಚೆ ಸ್ಟೋರ್ಸ್‌ನವರಿಗೆ ಒಮ್ಮೆ ಓದಲು ಕೊಡಿ. ಗೇಟಿನಲ್ಲಿ ನಿಂತು ದಿನಾ ನಂಬರ್ ಬರೆಸಿದ್ದು ಅವರು, ಹೆಚ್ಚು ಹೇಳಿದ್ದರೆ ಅಲ್ಲೇ ಅಳಿಸುತ್ತಾರೆ. ಅವರ ಹೆಸರೂ ಅರ್ಜಿಯಲ್ಲಿ ಇರಬೇಕು. ಫಾರಂನಲ್ಲಿ ಒಬ್ಬರಿಗಷ್ಟೇ ಜಾಗ ಇದ್ದರೆ ವಿವರಣೆಯ ಕಡೆಯ ಸಾಲಿನಲ್ಲಿ ಹಾಕಿ.