ನಾಲ್ಕೇ ನಾಲ್ಕು ಕೈಗಳ ಅಂತರ

"ತೀನ್ ಪತ್ತಿಯಲ್ಲಿ ಯಾವ ಕೈ ಯಾವುದಕ್ಕಿಂತ ದೊಡ್ಡದು? ಅದರಲ್ಲೂ ಪ್ಯೂರ್ ಸೀಕ್ವೆನ್ಸ್ ಇಟ್ಟುಕೊಂಡವನು ಟ್ರೇಲ್ ಮುಂದೆ ಯಾಕೆ ಸೋಲಬೇಕು?"

ಮೊದಲ ಭಾಗಕ್ಕೆ ಉತ್ತರ ಸರಳವಾಗಿದೆ. ಎಲ್ಲಕ್ಕಿಂತ ಮೇಲಿನದು ಟ್ರೇಲ್, ಅಂದರೆ ಮೂರು ರಾಜ ಅಥವಾ ಮೂರು ಏಳರಂತೆ ಒಂದೇ ಅಂಕಿಯ ಮೂರು ಎಲೆ. ಅದರ ಕೆಳಗೆ ಪ್ಯೂರ್ ಸೀಕ್ವೆನ್ಸ್, ಒಂದೇ ಜಾತಿಯಲ್ಲಿ ಸಾಲಾಗಿ ಬಂದ ಮೂರು ಎಲೆ. ಜಾತಿ ಬೆರೆತಿದ್ದರೆ ಅದು ಬರಿಯ ಸೀಕ್ವೆನ್ಸ್. ಸಾಲು ತಪ್ಪಿದ್ದರೂ ಮೂರೂ ಒಂದೇ ಜಾತಿಯಾಗಿದ್ದರೆ ಕಲರ್. ಅದರ ಕೆಳಗೆ ಜೋಡಿ, ಕೊನೆಗೆ ಇವು ಯಾವುವೂ ಆಗದ ಹೈ ಕಾರ್ಡ್. ಹೊಸಬರು ಕಲರ್ ಎಂಬ ಮಾತನ್ನು ಕೇಳಿ ಆಟೀನು ಮತ್ತು ಡೈಮಂಡುಗಳನ್ನು ಬೆರೆಸಿ "ಮೂರೂ ಕೆಂಪು" ಎಂದು ತೋರಿಸುವುದುಂಟು. ಕಲರ್ ಎಂದರೆ ಕೆಂಪು, ಕಪ್ಪು ಎಂಬ ಬಣ್ಣವಲ್ಲ. ಇಸ್ಪೀಟು, ಆಟೀನು, ಡೈಮಂಡು, ಕಳಾವರ್ ಎಂಬ ನಾಲ್ಕರಲ್ಲಿ ಒಂದೇ ಜಾತಿ.

ಎರಡನೆಯ ಭಾಗ ನಿಜವಾಗಿ ಕೇಳಬೇಕಾದದ್ದು. ಅದನ್ನು ಕೇಳುವವರು ಸಾಮಾನ್ಯವಾಗಿ ಒಮ್ಮೆ ಪೆಟ್ಟು ತಿಂದವರೇ ಆಗಿರುತ್ತಾರೆ. ನಾನು ಕುಳಿತಿದ್ದ ಒಂದು ಆಟದಲ್ಲಿ ಗೆಳೆಯನೊಬ್ಬನ ಕೈಗೆ ಆಟೀನಿನ ಎಕ್ಕ, ರಾಜ, ರಾಣಿ ಬಂದಿದ್ದವು. ಅವನು ನಿಶ್ಚಿಂತೆಯಿಂದ ಚಾಲ್ ಏರಿಸುತ್ತ ಹೋದ. ಉಳಿದವರೆಲ್ಲ ಒಬ್ಬೊಬ್ಬರಾಗಿ ಪ್ಯಾಕ್ ಮಾಡಿದ ಮೇಲೆ ಎದುರು ಉಳಿದ ಒಬ್ಬನೊಡನೆ ಶೋ ಕೇಳಿದ. ಎದುರಿನವನು ಮೂರು ಎರಡನ್ನು ಕೆಳಗಿಟ್ಟ. ಕಟ್ಟಿನಲ್ಲೇ ಅತ್ಯಂತ ಸಣ್ಣ ಅಂಕಿಯ ಟ್ರೇಲ್ ಅತ್ಯಂತ ದೊಡ್ಡ ಪ್ಯೂರ್ ಸೀಕ್ವೆನ್ಸನ್ನು ಹೊಡೆದುಹಾಕಿತ್ತು. "ಇದು ಹೆಚ್ಚು ಅಪರೂಪದ ಕೈ, ಅದಕ್ಕೇ ದೊಡ್ಡದು" ಎಂದು ಪಕ್ಕದಲ್ಲಿದ್ದ ಹಿರಿಯರೊಬ್ಬರು ಸಮಾಧಾನ ಹೇಳಿದರು. ಎಲ್ಲರೂ ಹೇಳುವ ಕಾರಣ ಇದೇ, ಮತ್ತು ಇದು ತಪ್ಪು.

ಲೆಕ್ಕ ಹಾಕುವುದು ಕಷ್ಟವಲ್ಲ. 52 ಎಲೆಗಳ ಕಟ್ಟಿನಿಂದ ಮೂರು ಎಲೆಗಳನ್ನು 22,100 ಬಗೆಯಲ್ಲಿ ಎತ್ತಬಹುದು. ಅವುಗಳಲ್ಲಿ ಟ್ರೇಲ್ ಎಷ್ಟು ಎಂದು ನೋಡಲು ಏಳನ್ನೇ ತೆಗೆದುಕೊಳ್ಳೋಣ. ಕಟ್ಟಿನಲ್ಲಿರುವ ನಾಲ್ಕು ಏಳುಗಳಲ್ಲಿ ಮೂರನ್ನು ಆರಿಸುವುದೆಂದರೆ ಯಾವುದಾದರೂ ಒಂದನ್ನು ಬಿಡುವುದು ಎಂದೇ ಅರ್ಥ, ಹಾಗಾಗಿ ಏಳರ ಟ್ರೇಲ್ ನಾಲ್ಕು ಬಗೆ. ಎಕ್ಕದಿಂದ ರಾಜನವರೆಗೆ 13 ಅಂಕಿಗಳಿವೆ. ಒಟ್ಟು 52 ಟ್ರೇಲ್. ಈಗ ಪ್ಯೂರ್ ಸೀಕ್ವೆನ್ಸ್. ಒಂದು ಜಾತಿಯಲ್ಲಿ ಎಕ್ಕ-ಎರಡು-ಮೂರರಿಂದ ಹೊರಟು ರಾಣಿ-ರಾಜ-ಎಕ್ಕದವರೆಗೆ ಬೆರಳು ಮಡಿಸುತ್ತ ಹೋದರೆ 12 ಸಾಲುಗಳು ಸಿಗುತ್ತವೆ, ನಾಲ್ಕು ಜಾತಿಗೆ 48. ಅಂದರೆ ಪ್ಯೂರ್ ಸೀಕ್ವೆನ್ಸೇ ಹೆಚ್ಚು ಅಪರೂಪ. ಸರಾಸರಿ 425 ಕೈಗಳಿಗೊಮ್ಮೆ ಟ್ರೇಲ್ ಬಂದರೆ, ಪ್ಯೂರ್ ಸೀಕ್ವೆನ್ಸಿಗಾಗಿ ಸುಮಾರು 460 ಕೈಗಳನ್ನು ಕಾಯಬೇಕು.

ನಾಲ್ಕು ಕೈಗಳ ಈ ಅಂತರ ಎಲ್ಲಿಂದ ಬಂತು ಎಂಬುದು ಎಲೆಗಳನ್ನು ಹಿಡಿದು ನೋಡಿದರೆ ಸ್ಪಷ್ಟವಾಗುತ್ತದೆ. ನಿಮಗೆ ಮೊದಲೆರಡು ಎಲೆಗಳಾಗಿ ಎರಡು ಏಳು ಬಂದಿವೆ ಎಂದಿಟ್ಟುಕೊಳ್ಳಿ. ನೀವು ನೋಡದ 50 ಎಲೆಗಳಲ್ಲಿ ಉಳಿದ ಎರಡು ಏಳುಗಳು ಮಾತ್ರ ಟ್ರೇಲ್ ಮಾಡಿಕೊಡುತ್ತವೆ. ಅದರ ಬದಲು ಆಟೀನಿನ ಏಳು ಮತ್ತು ಎಂಟು ಬಂದಿದ್ದರೆ ಆಟೀನಿನ ಆರು ಅಥವಾ ಒಂಬತ್ತು ಬೇಕು; ಅಲ್ಲಿಯೂ ಎರಡೇ ಎಲೆ. ಇಲ್ಲಿಯವರೆಗೆ ಎರಡೂ ಸಮ. ಆದರೆ ಕೈಯಲ್ಲಿ ಆಟೀನಿನ ಎಕ್ಕ ಮತ್ತು ರಾಜ ಇದ್ದರೆ ರಾಣಿಯೊಂದೇ ಉಪಯೋಗಕ್ಕೆ ಬರುತ್ತದೆ, ಎರಡು ಬಂದರೆ ಸಾಲಾಗುವುದಿಲ್ಲ. ಎಕ್ಕ ಮತ್ತು ಎರಡು ಇದ್ದಾಗಲೂ ಹಾಗೆಯೇ, ಮೂರೊಂದೇ ಗತಿ. ಎಕ್ಕ ಸಾಲಿನ ತುದಿಯಲ್ಲಿ ನಿಲ್ಲಬಹುದೇ ಹೊರತು ನಡುವೆ ನಿಲ್ಲುವಂತಿಲ್ಲ. ರಾಜ-ಎಕ್ಕ-ಎರಡು ಎಂಬ ಸುತ್ತುಸಾಲನ್ನು ಆಟ ಒಪ್ಪಿದ್ದರೆ ಪ್ರತಿ ಜಾತಿಗೂ ಒಂದೊಂದು ಹೆಚ್ಚಿ, 13 ಸಾಲು ನಾಲ್ಕು ಜಾತಿಗೆ ಸರಿಯಾಗಿ 52 ಆಗುತ್ತಿತ್ತು. ಟ್ರೇಲಿಗೂ ಪ್ಯೂರ್ ಸೀಕ್ವೆನ್ಸಿಗೂ ಇರುವ ವ್ಯತ್ಯಾಸವೆಂದರೆ ನಾವು ಲೆಕ್ಕಕ್ಕೆ ತೆಗೆದುಕೊಳ್ಳದ ಆ ನಾಲ್ಕು ಸುತ್ತುಸಾಲುಗಳು, ಅಷ್ಟೇ.

ಹಾಗಾದರೆ ಟ್ರೇಲ್ ಮೇಲೇಕೆ ಕುಳಿತಿದೆ? ಮೊದಲ ಕಾರಣ ವಂಶಾವಳಿಯದು. ತೀನ್ ಪತ್ತಿ ಬ್ರಿಟಿಷರ ಮೂರೆಲೆಯ ಬ್ರ್ಯಾಗ್ ಆಟದ ಬಳಗಕ್ಕೆ ಸೇರಿದ್ದು, ಆ ಆಟದಲ್ಲಿಯೂ ಒಂದೇ ಅಂಕಿಯ ಮೂರು ಎಲೆಗಳೇ ಎಲ್ಲಕ್ಕಿಂತ ದೊಡ್ಡವು, ಒಂದೇ ಜಾತಿಯ ಸಾಲು ಅದರ ಕೆಳಗೆ. ಇಂಥ ಕ್ರಮವನ್ನು ಯಾರೂ ಕೂತು ಲೆಕ್ಕ ಹಾಕಿ ಮಾಡಿದ್ದಲ್ಲ. ಅದು ಬಳಕೆಯಿಂದ ಬಂದದ್ದು. ಇದಕ್ಕೆ ವಿರುದ್ಧವಾಗಿ, ಲೆಕ್ಕ ಹಾಕಿ ರೂಪಿಸಿದ ಕ್ಯಾಸಿನೊಗಳ ಥ್ರೀ ಕಾರ್ಡ್ ಪೋಕರಿನಲ್ಲಿ ಒಂದೇ ಜಾತಿಯ ಸಾಲು ಮೇಲೆ, ಒಂದೇ ಅಂಕಿಯ ಮೂರು ಎಲೆ ಅದರ ಕೆಳಗೆ ಇವೆ. ಎಲೆಗಳು ಅವೇ, ಸಂಖ್ಯೆಗಳೂ ಅವೇ. ಕ್ರಮ ಮಾತ್ರ ತಿರುಗಿದೆ. ಅಲ್ಲಿ ಆಡಿ ಬಂದವರು ಇಲ್ಲಿ ಶೋ ಕೇಳುವ ಮುನ್ನ ಇದನ್ನು ನೆನಪಿಡಬೇಕು.

ಆದರೆ ಬಳಕೆ ಎಂದು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ, ಏಕೆಂದರೆ ಟ್ರೇಲನ್ನು ಮೇಲಿಡುವುದರಲ್ಲಿ ಆಟಕ್ಕೆ ಒಂದು ನಿಜವಾದ ಅನುಕೂಲವಿದೆ. ಒಂದು ಅಂಕಿಗೆ ನಾಲ್ಕೇ ಎಲೆಗಳಿರುವುದರಿಂದ ಒಬ್ಬನ ಬಳಿ ಮೂರು ಏಳಿದ್ದರೆ ಕಟ್ಟಿನಲ್ಲಿ ಉಳಿದದ್ದು ಒಂದೇ ಏಳು, ಹಾಗಾಗಿ ಎರಡು ಟ್ರೇಲ್‌ಗಳು ಎಂದಿಗೂ ಸಮವಾಗಲಾರವು. ಮೂರು ಎಕ್ಕ ಹಿಡಿದವನು ಆ ಸುತ್ತಿನಲ್ಲಿ ನಿಸ್ಸಂದೇಹವಾಗಿ ಒಬ್ಬನೇ. ಪ್ಯೂರ್ ಸೀಕ್ವೆನ್ಸ್ ಹಾಗಲ್ಲ. ಆಟೀನಿನ ಎಕ್ಕ-ರಾಜ-ರಾಣಿ ಒಬ್ಬನ ಬಳಿ ಇರುವಾಗಲೇ ಇಸ್ಪೀಟಿನ ಎಕ್ಕ-ರಾಜ-ರಾಣಿ ಇನ್ನೊಬ್ಬನ ಬಳಿ ಇರಬಹುದು. ಸಾಮಾನ್ಯ ಆಟದಲ್ಲಿ ಜಾತಿಗಳಲ್ಲಿ ಮೇಲುಕೀಳು ಇಲ್ಲ, ಆದ್ದರಿಂದ ಅವೆರಡೂ ಸಮ; ಆಗ ಶೋ ಕೇಳಿದವನು ಸೋಲುತ್ತಾನೆ ಎಂಬ ನಿಯಮದಿಂದಲೇ ತೀರ್ಮಾನವಾಗಬೇಕಾಗುತ್ತದೆ. ಪ್ಯೂರ್ ಸೀಕ್ವೆನ್ಸನ್ನು ತುತ್ತತುದಿಗೆ ಕೂರಿಸಿದ್ದರೆ, ಆಟದ ಅತಿ ದೊಡ್ಡ ಕೈಯನ್ನು ಹಿಡಿದವನೂ ಶೋ ಕೇಳಿದ ಒಂದೇ ತಪ್ಪಿಗೆ ಸೋಲುವ ಪ್ರಸಂಗ ಬರುತ್ತಿತ್ತು. ಆ ಕ್ರಮ ಇದೇ ಉದ್ದೇಶದಿಂದ ಹುಟ್ಟಿತೆಂದು ನಾನು ಹೇಳುತ್ತಿಲ್ಲ, ಆದರೆ ಅದು ಕೊಡುವ ಫಲ ಇದು.

ಉಳಿದ ಮೆಟ್ಟಿಲುಗಳಲ್ಲಿ ತಕರಾರಿಲ್ಲ, ಅಲ್ಲಿ ಅಪರೂಪದ್ದೇ ಮೇಲೆ. ಸೀಕ್ವೆನ್ಸ್ 720, ಕಲರ್ 1,096, ಜೋಡಿ 3,744, ಹೈ ಕಾರ್ಡ್ 16,440. ಐದೆಲೆಯ ಪೋಕರ್ ಬಲ್ಲವರು ಸೀಕ್ವೆನ್ಸಿಗಿಂತ ಕಲರ್ ದೊಡ್ಡದಲ್ಲವೇ ಎಂದು ಇಲ್ಲಿ ತಡವರಿಸುತ್ತಾರೆ. ಐದು ಎಲೆಗಳೂ ಒಂದೇ ಜಾತಿಯಾಗುವುದು ಸಾಲಾಗುವುದಕ್ಕಿಂತ ಕಷ್ಟ, ಮೂರೇ ಎಲೆಗಳಾದಾಗ ಅದು ಸುಲಭ. ಹಾಗಾಗಿ ಎರಡು ಆಟಗಳೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇವೆ. ಒಂದೇ ಬಗೆಯ ಎರಡು ಕೈಗಳನ್ನು ಹೋಲಿಸುವಾಗ ಆಗುವ ತಪ್ಪು ಹೆಚ್ಚಾಗಿ ಜೋಡಿಯಲ್ಲಿ. ಎರಡು ರಾಣಿಯ ಜೊತೆ ಎಕ್ಕವಿದೆ ಎಂದು ಹಿಗ್ಗುವವನು ಎರಡು ರಾಜ ಮತ್ತು ಒಂದು ಎರಡು ಇರುವವನಿಗೆ ಸೋಲುತ್ತಾನೆ, ಏಕೆಂದರೆ ಮೊದಲು ನೋಡುವುದು ಜೋಡಿಯನ್ನು, ಜೋಡಿಗಳು ಸಮವಾದರೆ ಮಾತ್ರ ಮೂರನೆಯ ಎಲೆಯನ್ನು. ಕಲರ್ ಮತ್ತು ಹೈ ಕಾರ್ಡಿನಲ್ಲಿ ದೊಡ್ಡ ಎಲೆಯಿಂದ ಹೋಲಿಕೆ ಶುರುವಾಗುತ್ತದೆ. ಎಕ್ಕ-ಎಂಟು-ಮೂರರ ಕಲರ್ ರಾಜ-ರಾಣಿ-ಹತ್ತರ ಕಲರನ್ನು ಗೆಲ್ಲುತ್ತದೆ.

ಸೀಕ್ವೆನ್ಸುಗಳ ನಡುವೆ ಮಾತ್ರ ಒಂದು ಗೊಂದಲ ಉಳಿದಿದೆ. ಎಕ್ಕ-ರಾಜ-ರಾಣಿ ಅತಿ ದೊಡ್ಡದು ಎಂಬುದರಲ್ಲಿ ಸಾಮಾನ್ಯವಾಗಿ ಭಿನ್ನಮತವಿಲ್ಲ, ಎಕ್ಕ-ಎರಡು-ಮೂರು ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿದೆ. ಹೆಚ್ಚಿನ ಕಡೆ ಅದು ಎರಡನೆಯದು, ರಾಜ-ರಾಣಿ-ಗುಲಾಮಕ್ಕಿಂತ ಮೇಲೆ. ಕೆಲವು ಕಡೆ ಅದನ್ನು ಎಲ್ಲಕ್ಕಿಂತ ಸಣ್ಣ ಸಾಲಾಗಿ ಎಣಿಸುತ್ತಾರೆ. ಎಲೆ ಹಂಚುವ ಮೊದಲೇ ಇದನ್ನು ಬಾಯಿಬಿಟ್ಟು ಒಪ್ಪಿಕೊಳ್ಳದಿದ್ದರೆ ಜಗಳ ಶೋ ಸಮಯದಲ್ಲಿ ಬರುತ್ತದೆ, ಆಗ ಇಬ್ಬರಿಗೂ ತಮ್ಮ ನಿಯಮವೇ ಸರಿಯೆನಿಸುತ್ತದೆ.

ಇಷ್ಟಾದ ಮೇಲೂ ಟ್ರೇಲ್ ಮೇಲಿರುವುದು ಅನ್ಯಾಯವೆಂದು ಅನ್ನಿಸುವವರಿಗೆ ಒಂದು ದಾರಿಯಿದೆ. ಕಟ್ಟಿಗೆ ಜೋಕರನ್ನು ಸೇರಿಸಿ, ಒಂದೇ ಒಂದು, ಯಾವ ಎಲೆಯ ಬದಲಿಗಾದರೂ ನಿಲ್ಲುವಂಥದ್ದು. ಆಗ ಯಾವ ಜೋಡಿಗೆ ಜೋಕರ್ ಸೇರಿದರೂ ಟ್ರೇಲ್ ಆಗುತ್ತದೆ; ಕಟ್ಟಿನಲ್ಲಿ 78 ಜೋಡಿಗಳಿರುವುದರಿಂದ ಟ್ರೇಲ್‌ಗಳು 52ರಿಂದ 130ಕ್ಕೆ ಏರುತ್ತವೆ. ಪ್ಯೂರ್ ಸೀಕ್ವೆನ್ಸಿಗೆ ಒಂದೇ ಜಾತಿಯ ಅಕ್ಕಪಕ್ಕದ ಎರಡು ಎಲೆಯಾದರೂ ಸಾಕು, ಏಳು ಮತ್ತು ಒಂಬತ್ತರಂತೆ ನಡುವೆ ಒಂದು ಎಲೆಯ ಜಾಗ ಬಿಟ್ಟದ್ದಾದರೂ ಸಾಕು. ಅಂಥವು ಒಂದು ಜಾತಿಯಲ್ಲಿ 25, ನಾಲ್ಕರಲ್ಲಿ 100. ಮೊದಲಿನ 48 ಸೇರಿ 148. ಜೋಕರ್ ಒಳಗೆ ಬಂದ ಕ್ಷಣವೇ ಟ್ರೇಲ್ ನಿಜವಾಗಿಯೂ ಅಪರೂಪದ ಕೈಯಾಗುತ್ತದೆ, ಪಕ್ಕದಲ್ಲಿ ಕುಳಿತ ಆ ಹಿರಿಯರ ಮಾತು ಆ ಕಟ್ಟಿನ ಮಟ್ಟಿಗೆ ಸರಿಯಾಗುತ್ತದೆ.