ನಿಲ್ಲಿಸ್ತೀರಾ, ಬಿಡ್ತೀರಾ?

ಮೊನ್ನೆ ಇಂಟರ್‌ವ್ಯೂ ಮುಗಿಸಿ ಬಂದಾಗಿನಿಂದ ತಲೆಯಲ್ಲಿ ಈ ಪ್ರಶ್ನೆಯೇ ಓಡುತ್ತಿದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಲೀಡ್ ಕೆಲಸ. ಎದುರಿಗೆ ಡೆಲಿವರಿ ನೋಡಿಕೊಳ್ಳುವ ಸಾರ್, ಕ್ವಾಲಿಟಿ ಮೇಡಂ, ಎಚ್‌ಆರ್.

"ನಾಳೆ ಬೆಳಿಗ್ಗೆ ರಿಲೀಸ್. ಇವತ್ತು ಸಂಜೆ ಒಂದು ಬಗ್ ಸಿಕ್ಕಿತು. ಏನು ಮಾಡ್ತೀರಿ?" ಅಂದರು ಸಾರ್. ನಾನು ಬಾಯಿ ತೆರೆಯುವಷ್ಟರಲ್ಲಿ "ಕಸ್ಟಮರ್‌ಗೆ ಮಾತು ಕೊಟ್ಟಾಗಿದೆ, ನೆನಪಿರಲಿ" ಅಂತಾನೂ ಸೇರಿಸಿದರು. ತಕ್ಷಣ ಮೇಡಂ, "ಬಗ್ ಇಟ್ಕೊಂಡು ಬಿಡೋ ಲೀಡ್ ನಮಗ್ಯಾಕೆ?" ಎಚ್‌ಆರ್, "ಡೆವಲಪರ್ ಅದು ಬಗ್ ಅಲ್ಲವೇ ಅಲ್ಲ ಅಂದ್ರೆ?" ಮತ್ತೆ ಸಾರ್, "ನಿಲ್ಲಿಸ್ತೀರಾ, ಬಿಡ್ತೀರಾ? ಒಂದೇ ಮಾತಲ್ಲಿ ಹೇಳಿ."

ನಾನು ಹಾಳೆಯಲ್ಲಿ ಒಂದೊಂದೇ ಪದ ಗೀಚಿಕೊಂಡೆ: ರಿಲೀಸ್, ಡೆವಲಪರ್. ಪ್ರಶ್ನೆ ಪೂರ್ತಿ ಬರೆಯಲು ಹೋದರೆ ಮುಂದಿನದು ಕಿವಿಗೇ ಬೀಳುವುದಿಲ್ಲ. "ಮೊದಲು ರಿಲೀಸ್ ವಿಷಯ ಹೇಳ್ತೀನಿ, ಆಮೇಲೆ ಡೆವಲಪರ್ ವಿಷಯಕ್ಕೆ ಬರ್ತೀನಿ" ಅಂದೆ. ತಮ್ಮ ಪ್ರಶ್ನೆಗೂ ಸರದಿ ಇದೆ ಅಂತ ಗೊತ್ತಾದ ಮೇಲೆ ಎಚ್‌ಆರ್ ಮಧ್ಯೆ ಬಾಯಿ ಹಾಕಲಿಲ್ಲ.

"ಹಣದ ಲೆಕ್ಕ ತಪ್ಪಿಸೋ ಬಗ್ ಆದ್ರೆ ನಿಲ್ಲಿಸ್ತೀನಿ ಸಾರ್. ಅದೊಂದು ಭಾಗ ಆಫ್ ಮಾಡಿ ಉಳಿದದ್ದನ್ನ ಕೊಡೋಕಾಗುತ್ತಾ ಅಂತ ಮೊದಲು ನೋಡ್ತೀನಿ. ಸ್ಕ್ರೀನ್ ಮೇಲೆ ಅಕ್ಷರ ಸ್ವಲ್ಪ ಪಕ್ಕಕ್ಕೆ ಸರಿದಿದ್ರೆ ಮಾತ್ರ, ರಿಲೀಸ್ ನೋಟ್‌ನಲ್ಲಿ ಬರೆದು, ರಿಲೀಸ್ ಆಗೋಕೆ ಬಿಡ್ತೀನಿ ಮೇಡಂ."

ಇಲ್ಲಿ "ಪರಿಸ್ಥಿತಿ ನೋಡಿಕೊಂಡು" ಅಂದಿದ್ದರೆ ಇಬ್ಬರಿಗೂ ಜಾರಿಕೊಂಡಂತೆ ಕಾಣುತ್ತಿತ್ತು. ಯಾವ ಪರಿಸ್ಥಿತಿ ಅಂತ ಹೆಸರಿಟ್ಟು ಹೇಳಿದರೆ ಇಬ್ಬರ ಮಾತೂ ಒಂದೊಂದು ಕಡೆ ಸರಿ ಅಂತಾಗುತ್ತದೆ, ಯಾರ ಪಕ್ಷವನ್ನೂ ಹಿಡಿಯಬೇಕಿಲ್ಲ. ಡೆವಲಪರ್ ವಿಷಯ ಸುಲಭದ್ದು. ಬರೆದಿಟ್ಟ ರಿಕ್ವೈರ್‌ಮೆಂಟ್ ತೆಗೆದು ಇಬ್ಬರೂ ಕೂತು ಓದೋದು, ಅದರಲ್ಲೂ ಸ್ಪಷ್ಟ ಇಲ್ಲದಿದ್ದರೆ ಬರೆದವರನ್ನೇ ಕೇಳೋದು.

ಆದರೂ ಸಾರ್ ಬಿಡಲಿಲ್ಲ. "ಅಂದ್ರೆ, ನಿಲ್ಲಿಸ್ತೀರಾ?" ಮೇಡಂ ಜೊತೆಗೇ, "ಅಂದ್ರೆ, ಬಿಡ್ತೀರಾ?" ಆಗ ನಾನು ಅವರ ಕಣ್ಣು ನೋಡಿದೆ. ಅಭ್ಯರ್ಥಿ ಕಂಗೆಡುತ್ತಾನಾ ಅಂತ ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಅಭ್ಯರ್ಥಿಯ ಮುಖ ನೋಡುತ್ತಾರೆ. ಇವರು ಒಬ್ಬರನ್ನೊಬ್ಬರು ನೋಡುತ್ತಿದ್ದರು! ನನಗನಿಸಿದ ಮಟ್ಟಿಗೆ ಇದು ಪ್ರಶ್ನೆಯೇ ಅಲ್ಲ, ಅವರ ಹಳೇ ಜಗಳ, ಬಹುಶಃ ಹಿಂದಿನ ಯಾವುದೋ ರಿಲೀಸ್‌ನದ್ದು. ಅಂಥ ಕಡೆ ಎಷ್ಟು ಚೆನ್ನಾಗಿ ಉತ್ತರಿಸಿದರೂ ಒಬ್ಬರಿಗೆ ಸಿಟ್ಟು ಉಳಿಯುತ್ತದೆ. ಹಾಗಾಗಿ ಹೊಸ ಉತ್ತರ ಹುಡುಕಲಿಲ್ಲ, ಹೇಳಿದ್ದನ್ನೇ ಇನ್ನೂ ಚಿಕ್ಕದಾಗಿ ಹೇಳಿ ಸುಮ್ಮನಾದೆ. ಒತ್ತಾಯಕ್ಕೆ ಮಾತು ಬದಲಿಸಿದರೆ ಇಬ್ಬರೂ ನಂಬಲ್ಲ, ಅಲ್ವಾ?

ಮೇಡಂ ಖಾರ, ಆದರೆ ಕೇಳಿಸಿಕೊಳ್ಳುತ್ತಾರೆ. ಸಾರ್‌ಗೆ ಕೇಳಿಸಿಕೊಳ್ಳುವ ಅಭ್ಯಾಸ ಇದ್ದಂತಿಲ್ಲ.

ಕೊನೆಗೆ "ನಿಮ್ಮದೇನಾದ್ರೂ ಪ್ರಶ್ನೆ?" ಅಂದರು ಎಚ್‌ಆರ್. "ಇಂಥ ಸಂಜೆ ಇಲ್ಲಿ ಕೊನೇ ಮಾತು ಯಾರದ್ದು?" ಅಂತ ಕೇಳಿದೆ.

"ನಂದೇ" ಅಂದರು ಇಬ್ಬರೂ, ಒಟ್ಟಿಗೇ. ಎಚ್‌ಆರ್ ಗಡಿಯಾರ ನೋಡಿಕೊಂಡರು. ಆಫರ್ ಬಂದರೆ, ಸಂಬಳದ ಮಾತಿಗೆ ಮುಂಚೆ ಇವರಲ್ಲಿ ನಾನು ಯಾರ ಕೈಕೆಳಗೆ ಅಂತ ಬರವಣಿಗೆಯಲ್ಲಿ ಕೇಳುತ್ತೇನೆ.